ಕೆಲಸದಿಂದ ತೆಗೆದರೆ ಸುಮ್ನೆ ಸಹಿ ಹಾಕಬೇಡಿ

ಗೆಳೆಯರೇ, ನಮ್ಮ ಗುಂಪಿನ ಒಬ್ಬರನ್ನು ಕಾರ್ಖಾನೆಯ ಆಫೀಸಿಗೆ ಕರೆದು "ಆರ್ಡರ್ ಇಲ್ಲ, ಜನ ಜಾಸ್ತಿ" ಅಂದರು. ಮೇಜಿನ ಮೇಲೆ ಚೆಕ್ಕು, ಅದರ ಕೆಳಗೆ ಮೊದಲೇ ಟೈಪ್ ಮಾಡಿದ ರಾಜೀನಾಮೆ ಪತ್ರ. ಅದಕ್ಕೆ ಸಹಿ ಬಿದ್ದರೆ ಅವರು ತೆಗೆದಂತೆ ಅಲ್ಲ, ನೀವೇ ಬಿಟ್ಟಂತೆ. ಪರಿಹಾರ ಕೇಳುವುದು ಆಮೇಲೆ ತುಂಬಾ ಕಷ್ಟ.

ಒಂದು ವರ್ಷ ಸತತ ಕೆಲಸ ಮಾಡಿದವರನ್ನು ತೆಗೆಯಲು ಕಾರಣ ಬರೆದು ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲವೇ ಆ ತಿಂಗಳ ಸಂಬಳ ಕೊಡಬೇಕು. 300 ಅಥವಾ ಜಾಸ್ತಿ ಕಾರ್ಮಿಕರಿರುವ ಕಾರ್ಖಾನೆಯಾದರೆ ಮೂರು ತಿಂಗಳ ನೋಟಿಸ್, ಜೊತೆಗೆ ಸರ್ಕಾರದ ಅನುಮತಿ ಮೊದಲೇ ಬೇಕು.

ಪರಿಹಾರ ವರ್ಷಕ್ಕೆ 15 ದಿನದ ಸರಾಸರಿ ವೇತನ. ಇವರದು 9 ವರ್ಷ 7 ತಿಂಗಳ ಸರ್ವಿಸ್. ಆರು ತಿಂಗಳು ದಾಟಿದ್ದರಿಂದ 10 ವರ್ಷ ಅಂತಲೇ ಲೆಕ್ಕ. ಕೊನೆಯ ಮೂರು ತಿಂಗಳ ಸರಾಸರಿ 24,000 ರೂಪಾಯಿ, ಅದರ ಅರ್ಧ 12,000. ಹತ್ತು ವರ್ಷಕ್ಕೆ 1,20,000. ನೋಟಿಸ್ ಕೊಡದ್ದಕ್ಕೆ ಇನ್ನೂ 24,000. ಗ್ರಾಚ್ಯುಟಿ ಬೇರೆ, ಇದರಲ್ಲಿ ಸೇರಿಸಿ ತೋರಿಸಿದರೆ ಒಪ್ಪಬೇಡಿ. ಚೆಕ್ಕಿನಲ್ಲಿ ಇದ್ದದ್ದು 70,000 ಅಷ್ಟೇ!

ದೂರನ್ನು ಕಾರ್ಮಿಕ ಇಲಾಖೆಯ ರಾಜಿ ಸಂಧಾನ ಅಧಿಕಾರಿಗೆ ಬರೆದು ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಯೂನಿಯನ್ ಇಲ್ಲದಿದ್ದರೂ ನೀವೊಬ್ಬರೇ ಕೊಡಬಹುದು. 45 ದಿನದಲ್ಲಿ ಇತ್ಯರ್ಥ ಆಗದಿದ್ದರೆ ನೇರ ಕೈಗಾರಿಕಾ ನ್ಯಾಯಮಂಡಳಿಗೆ ಹೋಗಬಹುದು. 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಇದಕ್ಕೆ ಎರಡೇ ವರ್ಷದ ಗಡುವು. ವೇತನ ಚೀಟಿ, ನೇಮಕಾತಿ ಪತ್ರ, ಹಾಜರಿ ಕಾರ್ಡಿನ ಫೋಟೋ ಇವತ್ತೇ ತೆಗೆದಿಡಿ. ಗೇಟ್ ಪಾಸ್ ಕಿತ್ತುಕೊಂಡ ಮೇಲೆ ಇವು ಸಿಗುವುದಿಲ್ಲ.