ನೀಲಿ ದೀಪ ಉರಿಯುತ್ತಿದೆ, ಶಬ್ದ ಮಾತ್ರ ಕಡಿಯುತ್ತಿದೆ: ಟಿವಿ ಟ್ರಾನ್ಸ್‌ಮಿಟರ್ ಕೊಂಡವರಿಗೆ ಒಂದು ಪತ್ರ

ಮಾನ್ಯ ಗ್ರಾಹಕರೇ,

ಟಿವಿಯ ಶಬ್ದವನ್ನು ಹೆಡ್‌ಫೋನ್‌ಗೆ ಕಳುಹಿಸುವ ನಮ್ಮ ಬ್ಲೂಟೂತ್ ಟ್ರಾನ್ಸ್‌ಮಿಟರ್‌ನಲ್ಲಿ ಈ ತಿಂಗಳಿನಿಂದ ಎರಡು ಬದಲಾವಣೆ ಮಾಡಿದ್ದೇವೆ. ಇಷ್ಟು ದಿನ, ಶಬ್ದ ತಡವಾಗಿ ಕೇಳಿಸುವುದನ್ನು ಕಡಿಮೆ ಮಾಡುವ ‘ಲೋ ಲೇಟೆನ್ಸಿ’ ಸ್ವಿಚ್ ಹಾಕಿಯೇ ಯಂತ್ರವನ್ನು ಕಳುಹಿಸುತ್ತಿದ್ದೆವು. ಇನ್ನು ಮುಂದೆ ಅದು ಆರಿದ ಸ್ಥಿತಿಯಲ್ಲಿ ಬರುತ್ತದೆ. ಪೆಟ್ಟಿಗೆಯಲ್ಲಿ ಒಂದು ಮೀಟರ್ ಉದ್ದದ ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್ ಕೂಡ ಇರುತ್ತದೆ. ಜೊತೆಗೆ, ‘ಕನೆಕ್ಟ್ ಆಗುತ್ತದೆ, ಆದರೆ ಶಬ್ದ ತುಂಡು ತುಂಡಾಗಿ ಬರುತ್ತದೆ’ ಎಂಬ ದೂರು ಬಂದ ಕೂಡಲೇ ಯಂತ್ರ ಬದಲಿಸಿಕೊಡುವ ಪದ್ಧತಿಯನ್ನೂ ನಿಲ್ಲಿಸಿದ್ದೇವೆ. ಮೂರನೆಯ ಮಾತು ಕೇಳಿ ಕೆಲವರಿಗೆ ಸಿಟ್ಟು ಬರಬಹುದು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಒಬ್ಬ ಗ್ರಾಹಕರಿಗೆ ನಾವು ಇದೇ ಯಂತ್ರವನ್ನು ಎರಡು ಬಾರಿ ಬದಲಿಸಿಕೊಟ್ಟೆವು. ಮೂರನೆಯದೂ ಮೊದಲಿನಂತೆಯೇ ನಡೆದುಕೊಂಡಿತು. ಹಿಂದಿರುಗಿ ಬಂದ ಎರಡನ್ನೂ ನಮ್ಮ ಮೇಜಿನ ಮೇಲೆ ಇಡೀ ದಿನ ಓಡಿಸಿದೆವು, ಒಮ್ಮೆಯೂ ಶಬ್ದ ಕಡಿಯಲಿಲ್ಲ. ಆಗಲಾದರೂ ನಾವು ಯಂತ್ರವನ್ನು ಬಿಟ್ಟು ಅದು ಕುಳಿತ ಜಾಗದತ್ತ ನೋಡಬೇಕಿತ್ತು. ನೋಡಲಿಲ್ಲ, ಇನ್ನೊಂದು ಯಂತ್ರ ಕಟ್ಟಿ ಕಳುಹಿಸಿದೆವು. ಅದು ನಮ್ಮದೇ ತಪ್ಪು.

ಕೊನೆಗೆ ನಮ್ಮ ದುರಸ್ತಿಗಾರರು ಅವರ ಮನೆಗೇ ಹೋದರು. ಗೋಡೆಗೆ ತೂಗುಹಾಕಿದ ಟಿವಿ, ಅದರ ಬೆನ್ನಿಗೆ ಅಂಟಿಸಿದ ನಮ್ಮ ಟ್ರಾನ್ಸ್‌ಮಿಟರ್, ಪಕ್ಕದ ಪೋರ್ಟಿನಲ್ಲಿ ಸಿನಿಮಾ ತುಂಬಿಸಿಟ್ಟ ಯುಎಸ್‌ಬಿ 3 ಹಾರ್ಡ್ ಡಿಸ್ಕ್, ಕೆಳಗಿನ ಕಪಾಟಿನಲ್ಲಿ ವೈಫೈ ರೂಟರ್. ಸುಮಾರು ಆರು ಮೀಟರ್ ದೂರದ ಸೋಫಾದಲ್ಲಿ ದಂಪತಿ ತಲಾ ಒಂದು ಹೆಡ್‌ಫೋನ್ ಹಾಕಿಕೊಂಡು ಕುಳಿತಿದ್ದರು. ಯಜಮಾನರಿಗೆ ನಿಮಿಷಕ್ಕೆ ಮೂರು ನಾಲ್ಕು ಬಾರಿ ಶಬ್ದ ಕಡಿಯುತ್ತಿತ್ತು, ಅವರ ಪತ್ನಿಗೆ ಅದಕ್ಕಿಂತ ಹೆಚ್ಚು. ಟ್ರಾನ್ಸ್‌ಮಿಟರ್‌ನ ನೀಲಿ ದೀಪ ಮಾತ್ರ ಒಮ್ಮೆಯೂ ಮಿಣುಕದೆ ಉರಿಯುತ್ತಿತ್ತು.

ಎಲ್ಲರೂ ಎಡವುವುದು ಈ ದೀಪದಲ್ಲಿಯೇ. ದೀಪ ಹೇಳುವುದು ‘ಸಂಪರ್ಕ ಕಡಿದಿಲ್ಲ’ ಎಂಬುದನ್ನಷ್ಟೇ. ಎದುರು ಬದಿಯಿಂದ ಏನೂ ಕೇಳಿಸದಿದ್ದರೂ ಬ್ಲೂಟೂತ್ ಸಂಪರ್ಕವನ್ನು ಒಡನೆಯೇ ಕೈಬಿಡುವುದಿಲ್ಲ. ಬೇರೆ ಏನನ್ನೂ ಹೊಂದಿಸದಿದ್ದರೆ 20 ಸೆಕೆಂಡುಗಳವರೆಗೂ ಕಾಯುತ್ತದೆ. ಶಬ್ದಕ್ಕೆ ಅಷ್ಟು ತಾಳ್ಮೆಯಿಲ್ಲ. ಹೆಡ್‌ಫೋನ್ ತನ್ನೊಳಗೆ ಸ್ವಲ್ಪ ಶಬ್ದವನ್ನು ಮುಂಗಡವಾಗಿ ತುಂಬಿಟ್ಟುಕೊಂಡು ಅದರಿಂದ ನುಡಿಸುತ್ತಿರುತ್ತದೆ. ಈ ದಾಸ್ತಾನು ಮುಗಿಯುವುದರೊಳಗೆ ಶಬ್ದದ ಮುಂದಿನ ಕಂತು, ಅಂದರೆ ಹೊಸ ಪ್ಯಾಕೆಟ್, ಬರದಿದ್ದರೆ ಕಿವಿಯಲ್ಲಿ ಮೌನ. ಹಾಗಾಗಿ ದೀಪ ನೋಡಿ ‘ಸಿಗ್ನಲ್ ಚೆನ್ನಾಗಿದೆ’ ಎಂದು ತೀರ್ಮಾನಿಸುವಂತಿಲ್ಲ.

ಆ ದಾಸ್ತಾನು ಎಷ್ಟಿರಬೇಕು ಎಂಬುದರ ಮೇಲೆ ‘ಲೋ ಲೇಟೆನ್ಸಿ’ಯ ಆಟವೆಲ್ಲ ನಿಂತಿದೆ. ಶಬ್ದವನ್ನು ಕಿರಿದಾಗಿಸಿ ಕಳುಹಿಸಿ, ಆ ಬದಿಯಲ್ಲಿ ಮತ್ತೆ ಬಿಡಿಸಿಕೊಳ್ಳುವ ವಿಧಾನಕ್ಕೆ ಕೊಡೆಕ್ ಎನ್ನುತ್ತಾರೆ. ಎಲ್ಲ ಬ್ಲೂಟೂತ್ ಹೆಡ್‌ಫೋನ್‌ಗಳಲ್ಲಿಯೂ ಕಡ್ಡಾಯವಾಗಿ ಇರುವ ಕೊಡೆಕ್ ಎಸ್‌ಬಿಸಿ. ಇದರಲ್ಲಿ ಶಬ್ದ ಸಾಮಾನ್ಯವಾಗಿ 150ರಿಂದ 250 ಮಿಲಿಸೆಕೆಂಡು ತಡವಾಗಿ ಕೇಳಿಸುತ್ತದೆ, ತುಟಿ ಮುಂದೆ, ಮಾತು ಹಿಂದೆ. ಆಪ್ಟ್‌ಎಕ್ಸ್ ಲೋ ಲೇಟೆನ್ಸಿ ಎಂಬ ಕೊಡೆಕ್ ಈ ತಡವನ್ನು ಸುಮಾರು 40 ಮಿಲಿಸೆಕೆಂಡಿಗೆ ಇಳಿಸುತ್ತದೆ, ತುಟಿಗೂ ಮಾತಿಗೂ ಹೊಂದಿಕೆಯಾಗುತ್ತದೆ. ಆದರೆ ದಾಸ್ತಾನನ್ನು ಇಳಿಸದೆ ತಡವನ್ನು ಇಳಿಸುವುದು ಸಾಧ್ಯವಿಲ್ಲ.

ಇದರ ಬೆಲೆ ಏನೆಂದು ಲೆಕ್ಕ ಹಾಕಿ ನೋಡಿ. ಬ್ಲೂಟೂತ್ ಒಂದು ಸೆಕೆಂಡನ್ನು 1600 ತುಣುಕುಗಳಾಗಿ ಕತ್ತರಿಸಿಕೊಳ್ಳುತ್ತದೆ. ದೊಡ್ಡ ಪ್ಯಾಕೆಟ್ ಒಂದಕ್ಕೆ ಐದು ತುಣುಕು, ‘ತಲುಪಿತು’ ಎಂಬ ಉತ್ತರಕ್ಕೆ ಒಂದು, ಒಟ್ಟು ಆರು ತುಣುಕು, ಅಂದರೆ 3.75 ಮಿಲಿಸೆಕೆಂಡು. ಪ್ಯಾಕೆಟ್ ಹಾಳಾದರೆ ಅದನ್ನೇ ಮತ್ತೆ ಕಳುಹಿಸಬೇಕು. 200 ಮಿಲಿಸೆಕೆಂಡಿನಲ್ಲಿ ಇಂತಹ 50ಕ್ಕೂ ಹೆಚ್ಚು ಅವಕಾಶಗಳಿವೆ. 40 ಮಿಲಿಸೆಕೆಂಡಿನಲ್ಲಿ ಹೆಚ್ಚೆಂದರೆ ಹತ್ತು, ಆ ಹತ್ತರಲ್ಲಿಯೇ ಹೊಸ ಶಬ್ದವೂ ಹೋಗಬೇಕು. ಎರಡು ಹೆಡ್‌ಫೋನ್ ಇದ್ದರೆ ಅವೂ ಹಂಚಿಹೋಗುತ್ತವೆ. ಗದ್ದಲವಿಲ್ಲದ ಕೋಣೆಯಲ್ಲಿ ಇಷ್ಟು ಸಾಕು. ಗದ್ದಲವಿದ್ದ ಕಡೆ ಎಸ್‌ಬಿಸಿ ಸದ್ದಿಲ್ಲದೆ ನುಂಗಿಕೊಳ್ಳುವ ಅಡಚಣೆಯನ್ನು ಲೋ ಲೇಟೆನ್ಸಿ ನಿಮ್ಮ ಕಿವಿಗೇ ತಂದು ಹಾಕುತ್ತದೆ. ಅದನ್ನು ಚಾಲೂ ಮಾಡಿ ಕಳುಹಿಸಿದರೆ ಗ್ರಾಹಕರಿಗೆ ಉಪಕಾರವಾಗುತ್ತದೆ ಎಂದುಕೊಂಡಿದ್ದೆವು. ನಮ್ಮ ಮೇಜಿನ ಸುತ್ತ ಗದ್ದಲವಿರಲಿಲ್ಲ, ಅಷ್ಟೇ.

ಆ ಮನೆಯಲ್ಲಿ ಗದ್ದಲ ಎಲ್ಲಿತ್ತು? ಮೊದಲು ರೂಟರ್ ಮೇಲೆ ಅನುಮಾನ ಬಂತು. ಬ್ಲೂಟೂತ್ ಓಡಾಡುವ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿಯೇ ವೈಫೈ ಕೂಡ ಇದೆ. ಟಿವಿಯ ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿದಾಗ ಕಡಿತ ಸ್ವಲ್ಪ ಕಡಿಮೆಯಾಯಿತು, ನಿಲ್ಲಲಿಲ್ಲ. ಅನಂತರ ಹಾರ್ಡ್ ಡಿಸ್ಕಿನ ಕೇಬಲ್ ಕಿತ್ತರು. ಯಜಮಾನರ ಹೆಡ್‌ಫೋನ್ ಬಹುಮಟ್ಟಿಗೆ ಸರಿಹೋಯಿತು. ಯುಎಸ್‌ಬಿ 3 ಸಾಧನಗಳೂ ಅವುಗಳ ಕೇಬಲ್‌ಗಳೂ ಕೆಲಸ ಮಾಡುವಾಗ ಇದೇ 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೋ ಗದ್ದಲ ಎಬ್ಬಿಸುತ್ತವೆ. ದೂರದಲ್ಲಿದ್ದರೆ ತೊಂದರೆಯಿಲ್ಲ, ಟ್ರಾನ್ಸ್‌ಮಿಟರ್‌ಗೆ ಅಂಟಿಕೊಂಡಿದ್ದರೆ ತೊಂದರೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಆ ಗದ್ದಲ ಆರು ಮೀಟರ್ ಆಚೆಯ ಹೆಡ್‌ಫೋನ್‌ಗೆ ಅಷ್ಟಾಗಿ ತಟ್ಟುವುದಿಲ್ಲ. ಕೆಡುವುದು ಟ್ರಾನ್ಸ್‌ಮಿಟರ್‌ನ ಕಿವಿ. ಹೆಡ್‌ಫೋನ್‌ಗೆ ಪ್ಯಾಕೆಟ್ ಸರಿಯಾಗಿಯೇ ಸಿಕ್ಕಿರುತ್ತದೆ, ಅದು ‘ತಲುಪಿತು’ ಎಂದು ಉತ್ತರವನ್ನೂ ಕೊಟ್ಟಿರುತ್ತದೆ. ಗದ್ದಲದ ನಡುವೆ ಕುಳಿತ ಟ್ರಾನ್ಸ್‌ಮಿಟರ್‌ಗೆ ಆ ಕ್ಷೀಣ ಉತ್ತರ ಕೇಳಿಸದೆ, ಅದೇ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳುಹಿಸುತ್ತ ಸಮಯ ಕಳೆಯುತ್ತದೆ. ‘ಇನ್ನೂ ಹೆಚ್ಚು ಶಕ್ತಿಯ, ನೂರು ಮೀಟರ್ ರೇಂಜಿನ ಯಂತ್ರ ಕೊಡಿ’ ಎಂದು ಕೇಳುವವರಿಗೆ ನಾವು ಬೇಡ ಎನ್ನುವುದು ಇದೇ ಕಾರಣಕ್ಕೆ. ಟ್ರಾನ್ಸ್‌ಮಿಟರ್ ಎಷ್ಟೇ ಗಟ್ಟಿಯಾಗಿ ಕೂಗಿದರೂ ಹೆಡ್‌ಫೋನಿನ ದನಿ ಏರುವುದಿಲ್ಲ. ಪೆಟ್ಟಿಗೆಯ ಮೇಲೆ ಅಚ್ಚಾಗುವ ರೇಂಜ್ ಅಡ್ಡಿಯಿಲ್ಲದ ಬಯಲಿನ ಲೆಕ್ಕ. ಟಿವಿಯ ಬೆನ್ನಿನಲ್ಲಿರುವ ಲೋಹದ ಹಾಳೆ, ನಡುವೆ ಹಾದುಹೋಗುವ ಮನುಷ್ಯ ದೇಹ, ಕೊನೆಗೆ ಕೇಳುವವರ ತಲೆಯೇ ಈ ಅಲೆಗಳಿಗೆ ಅಡ್ಡಿ. ಕತ್ತು ತಿರುಗಿಸಿದಾಗ ಮಾತ್ರ ಶಬ್ದ ಕಡಿಯುತ್ತಿದ್ದರೆ, ಆಂಟೆನಾ ಇರುವ ಬದಿ ನಿಮ್ಮ ತಲೆಯ ಮರೆಗೆ ಹೋಗಿದೆ ಎಂದು ತಿಳಿಯಿರಿ.

ದುರಸ್ತಿಗಾರರು ಕೇಬಲ್ ಹಾಕಿ ಟ್ರಾನ್ಸ್‌ಮಿಟರನ್ನು ಟಿವಿಯ ಕೆಳ ಅಂಚಿಗೆ, ಸೋಫಾಕ್ಕೆ ನೇರ ಕಾಣುವಂತೆ ತಂದು ಕೂರಿಸಿ, ಹಾರ್ಡ್ ಡಿಸ್ಕನ್ನು ಮತ್ತೆ ಜೋಡಿಸಿದರು. ಯಜಮಾನರಿಗೆ ಮುಂದೆ ಕಡಿತವೇ ಇರಲಿಲ್ಲ. ಒಂದು ಮೀಟರ್ ಕೇಬಲ್ ಪೆಟ್ಟಿಗೆಗೆ ಸೇರಿದ್ದು ಹೀಗೆ.

ಅವರ ಪತ್ನಿಯ ಹೆಡ್‌ಫೋನ್ ಆದರೂ ತೊದಲುತ್ತಲೇ ಇತ್ತು. ಅದರ ಕಾರಣ ಬೇರೆ. ಅವರ ಹೆಡ್‌ಫೋನ್ ಪೆಟ್ಟಿಗೆಯ ಮೇಲೆ ಆಪ್ಟ್‌ಎಕ್ಸ್ ಅಡಾಪ್ಟಿವ್ ಎಂದಿತ್ತು. ಕೊಳ್ಳುವ ಮೊದಲು ಅವರು ನಮ್ಮನ್ನು ಕೇಳಿಯೂ ಇದ್ದರು. ಆಪ್ಟ್‌ಎಕ್ಸ್ ಎಂಬ ಪದ ಕಂಡದ್ದೇ ನಾವು ‘ಹೊಂದುತ್ತದೆ’ ಎಂದುಬಿಟ್ಟಿದ್ದೆವು. ಅಡಾಪ್ಟಿವ್ ಮಾದರಿಯು ಹಳೆಯ ಆಪ್ಟ್‌ಎಕ್ಸ್ ಜೊತೆಗೆ ಮಾತನಾಡುತ್ತದೆ, ಲೋ ಲೇಟೆನ್ಸಿ ಜೊತೆಗೆ ಅಲ್ಲ. ಹೆಸರಿನಲ್ಲಿ ಮನೆತನ ಒಂದೇ ಆದರೂ ಇವು ಬೇರೆ ಬೇರೆ ಕೊಡೆಕ್‌ಗಳು, ಎರಡೂ ತುದಿಯಲ್ಲಿ ಅದೇ ಹೆಸರು ಪೂರ್ತಿಯಾಗಿ ಇರಬೇಕು. ಇಲ್ಲದಿದ್ದರೆ ಇಬ್ಬರಿಗೂ ಗೊತ್ತಿರುವ ಇನ್ನೊಂದಕ್ಕೆ, ನಮ್ಮ ಯಂತ್ರದಲ್ಲಿ ಎಸ್‌ಬಿಸಿಗೆ, ಸಂಪರ್ಕ ಇಳಿಯುತ್ತದೆ. ಒಂದೇ ಹೆಡ್‌ಫೋನ್ ಇದ್ದಿದ್ದರೆ ತಡವಾಗುತ್ತಿತ್ತು ಅಷ್ಟೇ, ಕಡಿಯುತ್ತಿರಲಿಲ್ಲ. ಆದರೆ ಸ್ವಿಚ್ ಹಾಕಿದ್ದರಿಂದ ಯಂತ್ರ ಒಬ್ಬರಿಗೆ ಲೋ ಲೇಟೆನ್ಸಿ, ಇನ್ನೊಬ್ಬರಿಗೆ ಎಸ್‌ಬಿಸಿ ಹೀಗೆ ಎರಡು ಬಗೆಯಲ್ಲಿ ಏಕಕಾಲಕ್ಕೆ ಕಳುಹಿಸಲು ಹೆಣಗುತ್ತಿತ್ತು. ನಮ್ಮ ಯಂತ್ರಕ್ಕೆ ಅದು ಭಾರವಾಗುತ್ತದೆ ಎಂದು ಒಪ್ಪಿಕೊಳ್ಳುತ್ತೇವೆ. ಸ್ವಿಚ್ ಆರಿಸಿದ ಮೇಲೆ ಇಬ್ಬರಿಗೂ ಎಸ್‌ಬಿಸಿ ಹೋಗಿ ತೊದಲುವಿಕೆ ನಿಂತಿತು. ಮಾತು ತುಟಿಗಿಂತ ಸ್ವಲ್ಪ ಹಿಂದೆ ಬೀಳುತ್ತದೆ. ವಾರ್ತೆ ನೋಡುವಾಗ ಗೊತ್ತಾಗುತ್ತದೆ, ಕ್ರಿಕೆಟ್‌ಗೆ ತೊಂದರೆಯಿಲ್ಲ ಎಂದರು ಅವರು.

ಈ ತಡವನ್ನು ಟಿವಿಯ ‘ಆಡಿಯೋ ಡಿಲೇ’ ಮೆನುವಿನಿಂದ ಸರಿಪಡಿಸಬಹುದೇ ಎಂದು ಹಲವರು ಕೇಳಿದ್ದಾರೆ. ಆ ಮೆನು ಸಾಮಾನ್ಯವಾಗಿ ಶಬ್ದವನ್ನು ಇನ್ನಷ್ಟು ಹಿಂದಕ್ಕೆ ತಳ್ಳುತ್ತದೆಯೇ ಹೊರತು ಮುಂದಕ್ಕೆ ತರುವುದಿಲ್ಲ. ಅದನ್ನು ಸೊನ್ನೆಗೆ ಇಡಿ.

ನಿಮ್ಮಲ್ಲಿ ಹಳೆಯ ಯಂತ್ರವಿದ್ದರೆ, ಪಕ್ಕದ ಸಣ್ಣ ಸ್ವಿಚ್ಚನ್ನು ಆರಿಸಿ, ಹೆಡ್‌ಫೋನ್ ಒಮ್ಮೆ ಬಂದ್ ಮಾಡಿ ಮತ್ತೆ ಚಾಲೂ ಮಾಡಿ. ಕೊಡೆಕ್ ನಿರ್ಧಾರವಾಗುವುದು ಸಂಪರ್ಕ ಕೂಡುವ ಹೊತ್ತಿನಲ್ಲಿ, ನಡುವೆ ಸ್ವಿಚ್ ಒತ್ತಿದರೆ ಪ್ರಯೋಜನವಿಲ್ಲ. ಆಮೇಲೆ ಒಂದೇ ಹೆಡ್‌ಫೋನ್ ಇಟ್ಟುಕೊಂಡು, ಟ್ರಾನ್ಸ್‌ಮಿಟರ್‌ನಿಂದ ಒಂದು ಮೀಟರ್ ದೂರದಲ್ಲಿ ಅದು ಕಾಣುವಂತೆ ಹತ್ತು ನಿಮಿಷ ಕುಳಿತು ಕೇಳಿ. ಅಲ್ಲಿ ಸರಿಯಿದ್ದು ಸೋಫಾದಲ್ಲಿ ಕಡಿದರೆ ದಾರಿಯಲ್ಲಿ ಅಡ್ಡಿ ಅಥವಾ ಗದ್ದಲ ಇದೆ ಎಂದರ್ಥ. ಕೇಬಲ್ ಹಾಕಿ ಜಾಗ ಬದಲಿಸಿ. ಎರಡನೆಯ ಹೆಡ್‌ಫೋನ್ ಸೇರಿಸಿದ ಮೇಲೆ ಮಾತ್ರ ಕಡಿದರೆ ಎರಡರ ಮಾದರಿಯ ಹೆಸರನ್ನೂ ನಮಗೆ ಬರೆಯಿರಿ.

ಒಂದು ಬಗೆಯ ಕಡಿತ ಇದಾವುದಕ್ಕೂ ಸೇರುವುದಿಲ್ಲ. ಜಾಹೀರಾತಿನಲ್ಲಿ ಶಬ್ದ ಬಂದು, ಸಿನಿಮಾ ಶುರುವಾದಾಗ ಪೂರ್ತಿ ಹೋಗಿಬಿಟ್ಟರೆ, ಅಥವಾ ಕೆಲವು ಚಾನೆಲ್‌ಗಳಲ್ಲಿ ಮಾತ್ರ ಶಬ್ದವೇ ಇಲ್ಲದಿದ್ದರೆ, ದೂರಕ್ಕೂ ಅದಕ್ಕೂ ಸಂಬಂಧವಿಲ್ಲ. ಆಪ್ಟಿಕಲ್ ಕೇಬಲ್ ಮೂಲಕ ಟಿವಿ ಡಾಲ್ಬಿ ಡಿಜಿಟಲ್ ಕಳುಹಿಸುತ್ತಿದೆ, ನಮ್ಮ ಟ್ರಾನ್ಸ್‌ಮಿಟರ್‌ಗೆ ಅದನ್ನು ಬಿಡಿಸಲು ಬರುವುದಿಲ್ಲ. ಟಿವಿಯ ಡಿಜಿಟಲ್ ಆಡಿಯೋ ಔಟ್‌ಪುಟ್ ಮೆನುವಿನಲ್ಲಿ Auto ಅಥವಾ Bitstream ಎಂದಿದ್ದರೆ PCM ಆರಿಸಿಕೊಳ್ಳಿ.

ಒಂದು ಮೀಟರ್‌ನಲ್ಲಿ, ಒಂದೇ ಹೆಡ್‌ಫೋನ್‌ನಲ್ಲಿ, ಸ್ವಿಚ್ ಆರಿದ್ದಾಗಲೂ ಶಬ್ದ ಕಡಿಯುತ್ತಿದ್ದರೆ, ಮೊದಲು ಬೇರೊಂದು ಹೆಡ್‌ಫೋನ್ ಹಾಕಿ ನೋಡಿ. ಅದರಲ್ಲಿಯೂ ಕಡಿದರೆ ಯಂತ್ರದ್ದೇ ದೋಷ, ಹಿಂದಿನಂತೆಯೇ ಬದಲಿಸಿಕೊಡುತ್ತೇವೆ. ಹಳೆಯ ಗ್ರಾಹಕರಿಗೂ ಎಕ್ಸ್‌ಟೆನ್ಶನ್ ಕೇಬಲ್ ಉಚಿತ. ಯಂತ್ರದ ಹಿಂಬದಿಯ ಕ್ರಮಸಂಖ್ಯೆ ಬರೆದು ತಿಳಿಸಿದರೆ ಕಳುಹಿಸುತ್ತೇವೆ.

ಇಂತಿ ನಿಮ್ಮ,
ಮಾರಾಟ ಮತ್ತು ದುರಸ್ತಿ ವಿಭಾಗ