ಇಂಗ್ಲಿಷಿನಲ್ಲಿ ನಿನ್ನ ಪರಿಚಯ: ಶಹಾಪುರದ ತಂಗಿಗೆ ಒಂದು ಪತ್ರ

ಪ್ರಿಯ ತಂಗಿ,

ನಿನ್ನ ಮೇಲ್ ಓದಿದೆ. ಹೈದರಾಬಾದಿನ ಸಮ್ಮೇಳನದವರು ಕಾರ್ಯಕ್ರಮ ಪುಸ್ತಿಕೆಗೆ ಹಾಕಲು ಇಂಗ್ಲಿಷಿನಲ್ಲಿ 80 ಪದಗಳ ಪರಿಚಯ ಕೇಳಿದ್ದಾರೆ. ನೀನು ಕನ್ನಡದಲ್ಲಿ ಮೊದಲೇ ಇದ್ದ ಪರಿಚಯವನ್ನೇ ಇಂಗ್ಲಿಷಿಗೆ ಮಾಡಿ ಕಳಿಸಿದ್ದೀಯ. ಜೊತೆಗೆ, "ಉಳಿದವರೆಲ್ಲ ಡಾಕ್ಟರು, ಪ್ರೊಫೆಸರು, ನನ್ನ ಬಗ್ಗೆ ಬರೆಯೋಕೆ ಏನಿದೆ ಸರ್" ಅಂತ ಒಂದು ಸಾಲು. ಆ ಸಾಲು ಓದಿ ಬೇಜಾರಾಯ್ತು. ಕೆಳಗಿದ್ದ ಅನುವಾದ ಓದಿ ಸಿಟ್ಟು ಬಂತು. ಏನೂ ಇಲ್ಲ ಅನ್ನುವ ಹುಡುಗಿ, ಇಂಗ್ಲಿಷಿಗೆ ಬಂದ ಕೂಡಲೇ 'ಎಮಿನೆಂಟ್ ಪೊಯೆಟ್' ಆಗಿದ್ದಾಳೆ, 'ಅಸಿಸ್ಟೆಂಟ್ ಪ್ರೊಫೆಸರ್' ಆಗಿದ್ದಾಳೆ, 'ಸ್ಟೇಟ್ ಅವಾರ್ಡ್' ತಗೊಂಡಿದ್ದಾಳೆ.

ಫೋಟೊ ಯಾವುದು ಕಳಿಸಲಿ, ಅಕ್ಷರದ ಸೈಜ್ ಎಷ್ಟಿರಲಿ ಅಂತೆಲ್ಲ ಕೇಳಿದ್ದೀಯ. ಅವನ್ನು ಸಮ್ಮೇಳನದವರೇ ಹೇಳುತ್ತಾರೆ, ಬಿಡು. ನನಗೆ ಮುಖ್ಯವಾದದ್ದು ಬೇರೆ ಇದೆ.

ಈ ಪರಿಚಯವನ್ನು 'ನಾನು' ಅಂತ ಬರೆಯುವುದಿಲ್ಲ. ಬೇರೆ ಯಾರೋ ನಿನ್ನ ಬಗ್ಗೆ ಹೇಳಿದ ಹಾಗೆ ಬರೆಯಬೇಕು. ಯಾಕೆಂದರೆ ಅದು ಪುಸ್ತಿಕೆಯಲ್ಲಿ ಸಮ್ಮೇಳನದವರ ಮಾತಾಗಿ ಅಚ್ಚಾಗುತ್ತದೆ, ಗೋಷ್ಠಿಯ ಅಧ್ಯಕ್ಷರು ಅದನ್ನೇ ಮೈಕಿನಲ್ಲಿ ಓದುತ್ತಾರೆ. ನಿನ್ನ ಮಾತು ಅವರ ಬಾಯಿಂದ ಬರುತ್ತದೆ, ಅವರು ಅದನ್ನು ನಂಬಿ ಓದುತ್ತಾರೆ. 'ನಾನು ಪ್ರಸಿದ್ಧ ಕವಿ' ಅಂತ ಬರೆಯಲು ನಿನ್ನ ಕೈ ಏಳುವುದಿಲ್ಲ, ಅಲ್ವಾ? 'ಇವರು ಪ್ರಸಿದ್ಧ ಕವಿ' ಅಂತ ಬರೆಯುವಾಗ ಸಲೀಸಾಗಿ ಹೋಗುತ್ತದೆ. ಆದ್ದರಿಂದ ಒಂದು ಪರೀಕ್ಷೆ ಮಾಡು. ಬರೆದ ಪ್ರತಿ ವಾಕ್ಯವನ್ನೂ 'ನಾನು' ಅಂತ ತಿರುಗಿಸಿ, ನಿಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಓದುವಂತೆ ಜೋರಾಗಿ ಓದು. ಎಲ್ಲಿ ದನಿ ಇಳಿಯುತ್ತದೋ ಆ ಮಾತನ್ನು ತೆಗೆ.

ಈಗ ನಿನ್ನ ಕನ್ನಡದ್ದನ್ನೇ ನೋಡೋಣ. ನೀನು ಬರೆದದ್ದು ಹೀಗಿದೆ: "ಶಹಾಪುರದವರಾದ ಇವರು ಕನ್ನಡದಲ್ಲಿ ಎಂ.ಎ. ಪದವಿ ಪಡೆದು, ಅತಿಥಿ ಉಪನ್ಯಾಸಕಿಯಾಗಿ ಸೇವೆ ಸಲ್ಲಿಸುತ್ತ, ಬಾಲ್ಯದಿಂದಲೇ ಸಾಹಿತ್ಯದಲ್ಲಿ ಒಲವು ಬೆಳೆಸಿಕೊಂಡು, ಒಂದು ಕವನ ಸಂಕಲನ ಹೊರತಂದು, ತತ್ವಪದಗಳನ್ನು ಸಂಗ್ರಹಿಸಿ, ಅನೇಕ ಪ್ರಶಸ್ತಿಗಳಿಗೆ ಭಾಜನರಾಗಿದ್ದಾರೆ." ಇದು ಒಂದೇ ವಾಕ್ಯ. ಕನ್ನಡದಲ್ಲಿ ಓದಲು ತೊಂದರೆ ಇಲ್ಲ. ಪಡೆದು, ಬೆಳೆಸಿಕೊಂಡು, ತಂದು ಅಂತ ಪೋಣಿಸುತ್ತ ಹೋಗಬಹುದು. ಕೊನೆಯ ಕ್ರಿಯಾಪದ ಎಲ್ಲವನ್ನೂ ಹೊತ್ತುಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಹಾಗೇ ಪೋಣಿಸಿದರೆ ಓದುವವರು ನಡುವೆಯೇ ಉಸಿರು ಕಳೆದುಕೊಳ್ಳುತ್ತಾರೆ. ಅದಕ್ಕಿಂತ ಕೆಟ್ಟದ್ದು ಅಂದರೆ, ನೀನು ಮಾಡಿದ ದೊಡ್ಡ ಕೆಲಸ ಯಾವುದು, ಸಣ್ಣದು ಯಾವುದು ಅಂತ ಅವರಿಗೆ ಗೊತ್ತೇ ಆಗುವುದಿಲ್ಲ. ಕೊನೆಗೆ ಉಳಿಯುವುದು 'ಅನೇಕ ಪ್ರಶಸ್ತಿ' ಮಾತ್ರ.

ಹಾಗಾಗಿ ಈ ವಾಕ್ಯವನ್ನು ಅನುವಾದ ಮಾಡಬೇಡ. ಅದರೊಳಗಿನ ಸಂಗತಿಗಳನ್ನು ಬಿಡಿಸಿ ಒಂದು ಹಾಳೆಯಲ್ಲಿ ಬರೆದುಕೋ. ಎಲ್ಲಿಯವಳು, ಏನು ಬರೆದಿದ್ದೀಯ, ಯಾವ ವರ್ಷ, ಈಗ ಏನು ಮಾಡುತ್ತಿದ್ದೀಯ, ಹೊಟ್ಟೆಪಾಡಿಗೆ ಏನು ಕೆಲಸ. ಬಾಲ್ಯದ ಒಲವನ್ನು ಬಿಡು, ಅದು ಎಲ್ಲರಿಗೂ ಇರುತ್ತದೆ. ಪದಗಳ ಲೆಕ್ಕವೂ ನೆನಪಿರಲಿ. 'ಸುರಪುರದ ಹಳ್ಳಿಗಳಲ್ಲಿ' ಅನ್ನುವುದು ನಮಗೆ ಎರಡೇ ಪದ. ಇಂಗ್ಲಿಷಿನಲ್ಲಿ 'ಇನ್ ದ ವಿಲೇಜಸ್ ಆಫ್ ಸುರಪುರ', ಐದು ಪದ. ಕನ್ನಡದಲ್ಲಿ 80 ಪದ ಬರೆದುಕೊಂಡು ಇಂಗ್ಲಿಷಿಗೆ ಹೊರಟರೆ 100 ದಾಟುತ್ತದೆ. ಆಗ ಸಂಪಾದಕರು ಎಲ್ಲಿ ಬೇಕೋ ಅಲ್ಲಿ ಕತ್ತರಿಸುತ್ತಾರೆ, ಮೊದಲು ಹೋಗುವುದು ಕೊನೆಯ ಸಾಲು. ನಿನ್ನದರಲ್ಲಿ ತತ್ವಪದದ ವಿಷಯ ಇದ್ದದ್ದು ಹೆಚ್ಚುಕಡಿಮೆ ಕೊನೆಯಲ್ಲೇ.

ಅದು ಮೊದಲಿಗೆ ಬರಬೇಕು ತಂಗಿ. ಆ ಸಮ್ಮೇಳನದವರು ನಿನ್ನನ್ನು ಕರೆದದ್ದೇ ಅದಕ್ಕೆ. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಭಜನೆ ಮೇಳದವರು ಇವತ್ತಿಗೂ ಹಾಡುತ್ತಾರೆ, ನೀನು 2019ರಿಂದ ಹೋಗಿ ಅವರ ಮುಂದೆ ಕೂತು ರೆಕಾರ್ಡ್ ಮಾಡಿಕೊಳ್ಳುತ್ತಿದ್ದೀಯ, ಹಾಡಿದವರ ಹೆಸರು, ಊರು, ತಾರೀಖು ಬರೆದಿಟ್ಟಿದ್ದೀಯ. ನಿನ್ನ ನೋಟ್‌ಬುಕ್ ನಾನು ನೋಡಿದ್ದೇನೆ. ಇಷ್ಟಿದ್ದೂ 'ಬರೆಯೋಕೆ ಏನಿದೆ' ಅಂತೀಯಲ್ಲ!

ಆದರೆ ಇಲ್ಲೇ ಅತಿ ಹೆಚ್ಚು ಎಚ್ಚರ ಬೇಕು. ನೀನು ಇಂಗ್ಲಿಷಿನಲ್ಲಿ 'ಆಥರ್ ಆಫ್ ತತ್ವಪದಾಸ್' ಅಂತ ಹಾಕಿದ್ದೀಯ. ಬೇಡ. ಪದ ಕಟ್ಟಿದವರು ಯಾರು ಅಂತ ಪದದ ಅಂಕಿತವೇ ಹೇಳುತ್ತದೆ. ಹಾಡಿದವರು ಹಳ್ಳಿಯಲ್ಲಿ ಬದುಕಿದ್ದಾರೆ. ನೀನು ಮೂರನೆಯವಳು, ಕೂಡಿಸಿಟ್ಟವಳು. ನಿನ್ನ ಕೆಲಸಕ್ಕೆ ರೆಕಾರ್ಡ್ಸ್, ಕಲೆಕ್ಟ್ಸ್ ಅನ್ನುವ ಕ್ರಿಯಾಪದಗಳಿವೆ. ಪಾಠ ಹೋಲಿಸಿ ಪುಸ್ತಕ ತಂದ ದಿನ ಎಡಿಟೆಡ್ ಅಂತ ಬರೆಯಬಹುದು.

ಈ ವಿಷಯದಲ್ಲಿ ನನಗೆ ಹಳೆಯ ನೋವಿದೆ. ಬಹಳ ವರ್ಷದ ಹಿಂದೆ ಒಂದು ವಿಚಾರ ಸಂಕಿರಣಕ್ಕೆ ನನ್ನ ಪರಿಚಯವನ್ನು ಕನ್ನಡದಲ್ಲಿ ಕೊಟ್ಟಿದ್ದೆ. ಸಂಗ್ರಹಕಾರ ಅಂತಲೇ ಸ್ಪಷ್ಟವಾಗಿ ಬರೆದಿದ್ದೆ. ಅವರು ತಾವೇ ಇಂಗ್ಲಿಷಿಗೆ ಮಾಡಿಕೊಂಡರು, ನನಗೆ ತೋರಿಸಲಿಲ್ಲ, ಪುಸ್ತಿಕೆಯಲ್ಲಿ ನಾನು ಹಾಡುಗಳ ಕರ್ತೃ ಆಗಿದ್ದೆ. ನನಗೆ ಪದ ಹೇಳಿಕೊಟ್ಟ ಒಬ್ಬ ಹಿರಿಯರ ಮಗ ಆ ಪುಸ್ತಿಕೆ ಕೈಯಲ್ಲಿ ಹಿಡಿದು ಬಂದ. "ನಮ್ಮಪ್ಪ ಹಾಡಿದ್ದು ನಿಮ್ಮದು ಹೆಂಗಾತ್ರಿ?" ಅಂತ ಕೇಳಿದ. ನಾನು ಬರೆದುಕೊಟ್ಟ ಕನ್ನಡದ ಹಾಳೆ ತೋರಿಸಿದೆ. ಅವನು ಓದಿದ, ಸುಮ್ಮನೆ ಹೋದ. ಆಮೇಲೆ ಆ ಮನೆಯಲ್ಲಿ ಯಾರೂ ನನಗೆ ಹಾಡಲಿಲ್ಲ. ಒಂದು ತಿದ್ದುಪಡಿ ಹಾಕಿ ಅಂತ ಸಂಕಿರಣದವರನ್ನು ಕೇಳಿದ್ದಕ್ಕೆ, ಅಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ ಅಂದರು. ಇವತ್ತಿಗೂ ಅವರ ಮೇಲೆ ನನಗೆ ಸಿಟ್ಟಿದೆ. ನಿನ್ನ ಪರಿಚಯವನ್ನು ನೀನೇ ಇಂಗ್ಲಿಷಿಗೆ ಮಾಡು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಕೆಲಸದ ವಿಷಯ. ನೀನು ಅತಿಥಿ ಉಪನ್ಯಾಸಕಿ. ಇಂಗ್ಲಿಷಿನಲ್ಲಿ ಅದು ಗೆಸ್ಟ್ ಲೆಕ್ಚರರ್. ಅಸಿಸ್ಟೆಂಟ್ ಪ್ರೊಫೆಸರ್ ಅನ್ನುವುದು ಬೇರೆ ಹುದ್ದೆ, ಅದಕ್ಕೆ ಬೇರೆ ನೇಮಕಾತಿ, ಬೇರೆ ಸಂಬಳ. ಪಾಠ ಒಂದೇ ಮಾಡುತ್ತೀವಲ್ಲ ಅಂತ ನೀನು ಕೇಳಬಹುದು. ಹೌದು, ನಿನಗೆ ಆಗುತ್ತಿರುವ ಅನ್ಯಾಯ ನನಗೆ ಗೊತ್ತಿಲ್ಲ ಅಂತಲ್ಲ. ಆದರೆ ಸಭೆಯಲ್ಲಿ ನಮ್ಮ ಕಡೆಯ ಒಬ್ಬರಾದರೂ ಇರುತ್ತಾರೆ, ಅವರಿಗೆ ಗೊತ್ತಿರುತ್ತದೆ. ಒಂದು ಪದ ಸುಳ್ಳು ಅಂತ ಗೊತ್ತಾದ ಮೇಲೆ ಅವರು ನಿನ್ನ 2019ರ ರೆಕಾರ್ಡಿಂಗನ್ನೂ ಅನುಮಾನದಿಂದಲೇ ನೋಡುತ್ತಾರೆ. 'ಸೇವೆ ಸಲ್ಲಿಸುತ್ತ' ಅನ್ನುವುದನ್ನು ಸರ್ವಿಂಗ್ ಅಂತ ಮಾಡಬೇಡ, ಟೀಚಸ್ ಅಂದರೆ ಸಾಕು.

ಪ್ರಶಸ್ತಿ. 'ರಾಜ್ಯಮಟ್ಟದ' ಅನ್ನುವುದು ನಮ್ಮಲ್ಲಿ ರಾಜ್ಯದ ಎಲ್ಲ ಕಡೆಯಿಂದ ಪುಸ್ತಕ ಕರೆದರು ಅನ್ನುವ ಅರ್ಥದಲ್ಲಿ ಓಡಾಡುತ್ತದೆ. ಇಂಗ್ಲಿಷಿನಲ್ಲಿ ಸ್ಟೇಟ್ ಅವಾರ್ಡ್ ಅಂದರೆ ಸರ್ಕಾರ ಕೊಟ್ಟದ್ದು ಅಂತ ಓದಿಕೊಳ್ಳುತ್ತಾರೆ. ಕೊಟ್ಟ ಸಂಘದ ಹೆಸರು, ವರ್ಷ ಹಾಕಲು ಮನಸ್ಸಿದ್ದರೆ ಹಾಕು, ಇಲ್ಲದಿದ್ದರೆ ಪೂರ್ತಿ ಬಿಡು. 'ಅನೇಕ' ಅಂತೂ ಬೇಡವೇ ಬೇಡ. ಎರಡನೆಯ ಸಂಕಲನ ಪ್ರಕಟಣೆಯ ಹಂತದಲ್ಲಿದೆ ಅಂದಿದ್ದೀಯ. ಪ್ರಕಾಶಕರು ಒಪ್ಪಿದ್ದರೆ ಮಾತ್ರ ಫೋರ್ತ್‌ಕಮಿಂಗ್. ಹಸ್ತಪ್ರತಿ ನಿನ್ನ ಟೇಬಲ್ ಮೇಲೇ ಇದ್ದರೆ ಆ ಪದಕ್ಕೆ ಇನ್ನೂ ಹೊತ್ತಿದೆ.

ಊರಿನ ಹೆಸರು ನೋಡು. 'ಹೈದರಾಬಾದ್ ಕರ್ನಾಟಕ' ಅಂತ ಬರೆದಿದ್ದೀಯ. 2019ರಿಂದ ಅದು ಕಲ್ಯಾಣ ಕರ್ನಾಟಕ. ಅದೂ ಅಲ್ಲದೆ ಹೈದರಾಬಾದಿನಲ್ಲೇ ನಡೆಯುವ ಸಭೆಯಲ್ಲಿ ಅದನ್ನು ಓದಿದವರು ನೀನು ಅದೇ ಊರಿನವಳು ಅಂದುಕೊಂಡಾರು. ಶಹಾಪುರ, ಯಾದಗಿರಿ ಜಿಲ್ಲೆ, ಕರ್ನಾಟಕ ಅಂದರೆ ನಕಾಶೆಯಲ್ಲಿ ಹುಡುಕಬಹುದು. ಸುರಪುರವನ್ನು ಇಂಗ್ಲಿಷಿನಲ್ಲಿ ಶೋರಾಪುರ ಅಂತಲೂ ಬರೆಯುತ್ತಾರೆ, ಯಾವುದಾದರೂ ಒಂದನ್ನು ಹಿಡಿ. ನಮ್ಮ ನಗರ 2014ರಿಂದ ಇಂಗ್ಲಿಷಿನಲ್ಲೂ ಕಲಬುರಗಿ, ಆದರೆ ನೀನು ಎಂ.ಎ. ಮಾಡಿದ್ದು ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ, ಅದರ ಹೆಸರು ಇರುವ ಹಾಗೇ ಇರಲಿ.

ಇನ್ನು 'ಶ್ರೀಮತಿ'. ಪ್ರತಿ ವಾಕ್ಯದಲ್ಲೂ ಅದನ್ನು ಹಾಕಿದ್ದೀಯ, ಶೀ ಅಂದರೆ 'ಅವಳು' ಅಂದ ಹಾಗಾಗುತ್ತದೆ, ಅಗೌರವ ಅಂತ. ಇಂಗ್ಲಿಷಿನಲ್ಲಿ ಶೀ ಅನ್ನುವುದಕ್ಕೆ ಗೌರವವೂ ಇಲ್ಲ, ಅಗೌರವವೂ ಇಲ್ಲ. ಮೊದಲ ಸಾಲಿನಲ್ಲಿ ಪೂರ್ತಿ ಹೆಸರು, ಆಮೇಲೆ ಶೀ. ಮತ್ತೆ ಹೆಸರೇ ಬೇಕಾದರೆ ನಿನ್ನ ಸ್ವಂತ ಹೆಸರು ಹಾಕು. ಇಂಗ್ಲಿಷಿನವರ ರೂಢಿಯಂತೆ ಹೆಸರಿನ ಕೊನೆಯ ಭಾಗ ಹಾಕಿದರೆ ಅಲ್ಲಿ ಇರುವುದು ನಿಮ್ಮಪ್ಪನ ಹೆಸರು. ಹಾಗೆ ಮಾಡಿದರೆ ಕವಿತೆ ಬರೆದವರು ಅವರೇ ಆಗುತ್ತಾರೆ.

ಇಷ್ಟೂ ಸೇರಿಸಿ ನಾನು ನೋಡಿದ್ದು ಹೀಗೆ. ನಿನ್ನ ಹೆಸರು, ಆಮೇಲೆ: 'ಈಸ್ ಎ ಕನ್ನಡ ಪೊಯೆಟ್ ಫ್ರಮ್ ಶಹಾಪುರ, ಇನ್ ಯಾದಗಿರಿ ಡಿಸ್ಟ್ರಿಕ್ಟ್, ಕರ್ನಾಟಕ. ಸಿನ್ಸ್ 2019 ಶೀ ಹ್ಯಾಸ್ ರೆಕಾರ್ಡೆಡ್ ತತ್ವಪದಾಸ್, ಮಿಸ್ಟಿಕ್ ಸಾಂಗ್ಸ್ ಸಂಗ್ ಬೈ ವಿಲೇಜ್ ಭಜನ್ ಗ್ರೂಪ್ಸ್, ಅರೌಂಡ್ ಶಹಾಪುರ ಅಂಡ್ ಸುರಪುರ.' ಮೂರನೆಯ ವಾಕ್ಯದಲ್ಲಿ ಸಂಕಲನ. ಅದರ ಕನ್ನಡ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟು, ಪಕ್ಕದಲ್ಲಿ ಅರ್ಥ, ವರ್ಷ. ಅರ್ಥ ಮಾತ್ರ ಕೊಟ್ಟರೆ ಪುಸ್ತಕ ಹುಡುಕಿದವರಿಗೆ ಸಿಗುವುದಿಲ್ಲ, ಇಂಗ್ಲಿಷಿನಲ್ಲೇ ಬರೆದಿದ್ದೀಯ ಅಂದುಕೊಳ್ಳುತ್ತಾರೆ. ನಾಲ್ಕನೆಯದರಲ್ಲಿ ಪಾಠ ಮಾಡುವ ಕೆಲಸ, ಗೆಸ್ಟ್ ಲೆಕ್ಚರರ್ ಅಂತಲೇ. 60 ಪದದ ಆಸುಪಾಸು ಆಗುತ್ತದೆ. ಉಳಿದ ಜಾಗವನ್ನು ತುಂಬಲೇಬೇಕು ಅಂತೇನಿಲ್ಲ. ತುಂಬುವುದಾದರೆ ನಿನಗೆ ಅತಿ ಹೆಚ್ಚು ಪದ ಹಾಡಿಕೊಟ್ಟ ಅಜ್ಜಿಯ ಹೆಸರು ಹಾಕು, ಮೊದಲು ಅವರನ್ನು ಕೇಳು.

'ಮಿಸ್ಟಿಕ್' ಅನ್ನುವ ಪದ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ತತ್ವಪದದಲ್ಲಿ ಬೈಗುಳವೂ ಇದೆ, ಜಾತಿಯ ಮೇಲಿನ ಸಿಟ್ಟೂ ಇದೆ, ಅದೆಲ್ಲ ಆ ಪದದಲ್ಲಿ ಬರುವುದಿಲ್ಲ. ನಿನಗೆ ಬೇರೆ ಹೊಳೆದರೆ ಬದಲಿಸು, ನನ್ನನ್ನು ಕೇಳುವ ಅಗತ್ಯ ಇಲ್ಲ.

ಕಳಿಸುವಾಗ ಮೇಲ್‌ನಲ್ಲಿ ಒಂದು ಸಾಲು ಸೇರಿಸು: ಬದಲಾವಣೆ ಮಾಡಿದರೆ ಅಚ್ಚಿಗೆ ಮೊದಲು ನನಗೆ ತೋರಿಸಿ ಅಂತ. ಅಧ್ಯಕ್ಷರು ಯಾರು ಅಂತ ಗೊತ್ತಾದರೆ ಗೋಷ್ಠಿಗೆ ಮೊದಲು ಅವರ ಹತ್ತಿರ ಹೋಗಿ ನಿನ್ನ ಹೆಸರನ್ನೂ ಮಡಿವಾಳಪ್ಪನವರ ಹೆಸರನ್ನೂ ಒಂದು ಸಲ ಹೇಳಿ ಕೇಳಿಸು. ಇಂಗ್ಲಿಷ್ ಅಕ್ಷರದಲ್ಲಿ ಡ, ದ ಎರಡಕ್ಕೂ ಒಂದೇ ಗುರುತು, ಳ, ಲ ಎರಡಕ್ಕೂ ಒಂದೇ. ನಾಚಿಕೆ ಪಡಬೇಡ.

ಹೊಸದಾಗಿ ಬರೆದದ್ದನ್ನು ಕಳಿಸು, ಓದುತ್ತೇನೆ.

ನಿನ್ನ ಅಣ್ಣ,
ಕಲಬುರಗಿಯಿಂದ