ನಮ್ಮ ಕಟ್ಟಡದ ಸೆಕ್ಯುರಿಟಿ ಅಣ್ಣನಿಗೆ

ಅಣ್ಣಾ, ನಿಮ್ಮ ಹೆಸರೂ ನನಗೆ ಗೊತ್ತಿಲ್ಲ. ಮೊನ್ನೆ ರಾತ್ರಿ ಲಿಫ್ಟ್ ಎರಡನೇ ಮಹಡಿ ದಾಟಿದ ಕೂಡಲೇ ಜರ್ಕ್ ಹೊಡೆದು ನಿಂತಾಗ ಒಳಗೆ ನಾನು, ಅಮ್ಮ, ಪಕ್ಕದ ಮನೆಯ ಹುಡುಗ ಇದ್ದೆವು. ಅಮ್ಮ ನಡುಗುತ್ತಿದ್ದರು. ಅಲಾರಂ ಒತ್ತಿದ ತಕ್ಷಣ ಇಂಟರ್‌ಕಾಮ್‌ನಲ್ಲಿ ನಿಮ್ಮ ದನಿ ಬಂತು. "ಗಾಬರಿ ಆಗಬೇಡಿ ಅಮ್ಮಾ, ಒಳಗೆ ಗಾಳಿ ಬರುತ್ತೆ. ಬಾಗಿಲು ಮಾತ್ರ ಎಳೀಬೇಡಿ."

ಹೊರಗೆ ಯಾರೋ ರಾಡ್ ತಂದು ಬಾಗಿಲು ಮೀಟಲು ಹೊರಟಿದ್ದರಂತೆ. ನೀವು ಬಿಡಲಿಲ್ಲ. ಮಧ್ಯದಲ್ಲಿ ನಿಂತ ಲಿಫ್ಟಿನಿಂದ ಇಳಿಯಲು ಹೋದರೆ ಕೆಳಗಿನ ಸಂದಿಯಿಂದ ಗುಂಡಿಗೇ ಬೀಳಬಹುದು, ಅಲ್ವಾ? ಟೆಕ್ನಿಷಿಯನ್ ಬಂದು ಮೇನ್ ಸ್ವಿಚ್ ಆಫ್ ಮಾಡಿ, ಕೈಯಿಂದ ಬ್ರೇಕ್ ಸಡಿಲಿಸಿ ಲಿಫ್ಟನ್ನು ಮಹಡಿಯ ಮಟ್ಟಕ್ಕೆ ತರುವವರೆಗೂ ನೀವು ನಮ್ಮ ಜೊತೆ ಮಾತಾಡುತ್ತಲೇ ಇದ್ದಿರಿ. ಬಾಗಿಲು ತೆರೆದಾಗ ಅಮ್ಮನಿಗೆ ಕುರ್ಚಿ ಸಿದ್ಧವಿತ್ತು.

ಮರುದಿನ ರಿಜಿಸ್ಟರ್‌ನಲ್ಲಿ ನಿಮ್ಮ ವರದಿ ಓದಿದೆ. "9.40ಕ್ಕೆ ಅಲಾರಂ. ಕರೆಂಟ್ ಇದೆ. ಎಲ್ಲಾ ಮಹಡಿಯ ಬಾಗಿಲು ನೋಡಿದೆ. ಎರಡನೇ ಮಹಡಿಯದು ಪೂರ್ತಿ ಮುಚ್ಚಿಲ್ಲ, ಬೆರಳಷ್ಟು ಸಂದಿ." ಒಂದು ಮಹಡಿಯ ಬಾಗಿಲು ಸರಿಯಾಗಿ ಲಾಕ್ ಆಗದಿದ್ದರೂ ಸುರಕ್ಷತೆಗಾಗಿ ಇಡೀ ಲಿಫ್ಟ್ ನಿಂತುಬಿಡುತ್ತದೆ. ಟೆಕ್ನಿಷಿಯನ್ ನೇರ ಅಲ್ಲಿಗೇ ಹೋದರು. ಕೆಳಗಿನ ಹಳಿಯಲ್ಲಿ ಕಲ್ಲುಚೂರು ಸಿಕ್ಕಿತ್ತು, ಲಾಕ್ ಕೂಡ ಸಡಿಲವಾಗಿತ್ತು. ನೀವು ಸುಮ್ನೆ "ಲಿಫ್ಟ್ ಕೆಟ್ಟಿತ್ತು" ಅಂತ ಬರೆದಿದ್ದರೆ ಅದನ್ನು ಮತ್ತೆ ಚಾಲೂ ಮಾಡಿ ಬಿಟ್ಟುಬಿಡುತ್ತಿದ್ದರೇನೋ.

ಅಮ್ಮ ಈಗ ಮತ್ತೆ ಲಿಫ್ಟಿನಲ್ಲಿ ಓಡಾಡುತ್ತಿದ್ದಾರೆ. ತುಂಬಾ ಥ್ಯಾಂಕ್ಸ್ ಅಣ್ಣಾ.